ಎಸ್ಪ್ರೆಸೊದ ಹದವನ್ನು ಅಳೆಯುವ ಬಗೆ: ಒಂದು ಸಮೀಕ್ಷೆ

ಕೆಫೆಯಲ್ಲಿ ಎಸ್ಪ್ರೆಸೊ ಯಂತ್ರವನ್ನು ನಡೆಸುವವರನ್ನು ಬರಿಸ್ತಾ ಎಂದು ಕರೆಯುತ್ತಾರೆ. ಹೊಸ ಬರಿಸ್ತಾ ಕಲಿಯಬೇಕಾದ ಮೊದಲ ಕೆಲಸವು ಗಿರಾಕಿಗಳು ಬರುವುದಕ್ಕೆ ಮುಂಚೆಯೇ ನಡೆಯುವಂಥದ್ದು. ಪುಡಿ ಎಷ್ಟು ನುಣ್ಣಗಿರಬೇಕು, ಎಷ್ಟು ತೂಗಬೇಕು, ಅದರಿಂದ ಎಷ್ಟು ಕಾಫಿ ಇಳಿಸಬೇಕು, ಅದು ಎಷ್ಟು ಹೊತ್ತಿನಲ್ಲಿ ಇಳಿಯಬೇಕು ಎಂಬ ನಾಲ್ಕು ಸಂಗತಿಗಳನ್ನು ಆ ದಿನದ ಬೀಜಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಈ ಕೆಲಸಕ್ಕೆ ವೃತ್ತಿಯವರ ಮಾತಿನಲ್ಲಿ ‘ಡಯಲ್ ಇನ್’ ಎಂದು ಹೆಸರು. ನಾಲ್ಕೂ ಒಂದಕ್ಕೊಂದು ತಳಕು ಹಾಕಿಕೊಂಡಿರುವುದರಿಂದ ಒಂದನ್ನು ಕದಲಿಸಿದರೆ ಉಳಿದವೂ ಕದಲುತ್ತವೆ. ಹೀಗಿರುವಾಗ ಯಾವುದನ್ನು ಸ್ಥಿರವಾಗಿಟ್ಟು ಯಾವುದನ್ನು ಬದಲಿಸಬೇಕು, ಹದ ಕೂಡಿತೆಂದು ಯಾವುದರಿಂದ ತಿಳಿಯಬೇಕು ಎಂಬ ಪ್ರಶ್ನೆಗೆ ಕಳೆದ ಏಳೆಂಟು ದಶಕಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳು ಎಲ್ಲಿಂದ ಹುಟ್ಟಿದವು, ಯಾವುದನ್ನು ವಿವರಿಸುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಹಬೆಯಿಂದ ಒತ್ತಡದ ಕಡೆಗೆ

ಹಬೆಯ ಬಲದಿಂದ ಕಾಫಿಯನ್ನು ಬೇಗ ಇಳಿಸುವ ಯಂತ್ರಕ್ಕೆ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ಪಡೆದನು. ಪ್ರತಿ ಗಿರಾಕಿಗೂ ಬೇರೆಯಾಗಿ ಒಂದು ಕಪ್ ಇಳಿಸಿಕೊಡುವ ಯಂತ್ರವನ್ನು ಮಿಲಾನಿನ ಲುಯಿಜಿ ಬೆಜ್ಜೆರಾ 1901ರ ಹೊತ್ತಿಗೆ ರೂಪಿಸಿದನು. ಆದರೆ ಹಬೆಯೊಂದರಿಂದಲೇ ಹುಟ್ಟುತ್ತಿದ್ದ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚೇನೂ ಮಿಗಿಲಾಗಿರಲಿಲ್ಲವಾದ್ದರಿಂದ, ಅದರಲ್ಲಿ ತುಂಬ ನುಣುಪಾದ ಪುಡಿಯನ್ನು ಬಳಸಲು ಆಗುತ್ತಿರಲಿಲ್ಲ, ನೀರು ಅತಿಯಾಗಿ ಕಾಯ್ದು ಕಾಫಿಗೆ ಸೀದ ರುಚಿಯೂ ಬರುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಆಕಿಲೆ ಗಾಜಾ ಎಂಬ ಮಿಲಾನಿನ ಕೆಫೆಯವನು ಸ್ಪ್ರಿಂಗ್ ಮತ್ತು ಸನ್ನೆಗೋಲಿನ ನೆರವಿನಿಂದ ಬಿಸಿನೀರನ್ನು ಪುಡಿಯ ಮೂಲಕ ನೂಕುವ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಒತ್ತಡ ಹಲವು ಪಟ್ಟು ಏರಿತು. ಕಪ್ಪಿನ ಮೇಲೆ ಕಂದುಬಣ್ಣದ ದಟ್ಟ ನೊರೆ, ಅಂದರೆ ‘ಕ್ರೆಮಾ’, ಕಾಣಿಸಿಕೊಂಡದ್ದು ಆಗಲೇ. 1961ರಲ್ಲಿ ಫಯೇಮಾ ಕಂಪನಿಯ ‘ಇ61’ ಯಂತ್ರವು ಸನ್ನೆಗೋಲಿನ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ಅಂದಿನಿಂದ ಸುಮಾರು 9 ಬಾರ್, ಎಂದರೆ ವಾಯುಮಂಡಲದ ಒತ್ತಡದ ಒಂಬತ್ತು ಪಟ್ಟು, ಎಸ್ಪ್ರೆಸೊಗೆ ರೂಢಿಯಾದ ಒತ್ತಡವಾಯಿತು.

ಈ ಚರಿತ್ರೆಗೂ ಇಂದಿನ ಚರ್ಚೆಗೂ ನೇರವಾದ ನಂಟಿದೆ. ಸನ್ನೆಗೋಲನ್ನು ಎಳೆಯುತ್ತಿದ್ದವನಿಗೆ ಪುಡಿ ಒಡ್ಡುವ ತಡೆಯ ಅಂದಾಜು ಕೈಗೇ ಸಿಗುತ್ತಿತ್ತು. ಗುಂಡಿ ಒತ್ತಿದರೆ ಓಡುವ ಪಂಪಿನ ಮುಂದೆ ಆ ಅಂದಾಜು ಇಲ್ಲವಾಯಿತು, ಅದರ ಜಾಗಕ್ಕೆ ಬೇರೊಂದು ಅಳತೆ ಬೇಕಾಯಿತು.

ಒಂದು ತಿರುವು, ಎರಡು ಪರಿಣಾಮ

ಪಂಥಗಳ ವಾದಕ್ಕೆ ಹೋಗುವ ಮುನ್ನ ಬಾಸ್ಕೆಟ್ಟಿನೊಳಗೆ ನಡೆಯುವುದನ್ನು ತಿಳಿಯಬೇಕು. ಹಿಡಿಯುಳ್ಳ ಪೋರ್ಟಾಫಿಲ್ಟರಿನಲ್ಲಿ ಕೂರುವ ತೂತುಗಳ ಬಟ್ಟಲೇ ಬಾಸ್ಕೆಟ್. ಅದರಲ್ಲಿ ಪುಡಿಯನ್ನು ಸಮನಾಗಿ ಹರಡಿ, ಟ್ಯಾಂಪರ್ ಎಂಬ ಒತ್ತುಗುಂಡಿನಿಂದ ಅದುಮಿದಾಗ ಬಿಲ್ಲೆಯಂಥ ಗಟ್ಟಿ ಪದರ ಏರ್ಪಡುತ್ತದೆ. ನೀರಿಗೆ ಎದುರಾಗುವ ತಡೆಯೆಲ್ಲ ಈ ಬಿಲ್ಲೆಯದೇ.

ಪುಡಿಯನ್ನು ನುಣ್ಣಗೆ ಮಾಡಿದರೆ ಎರಡು ಸಂಗತಿಗಳು ಒಟ್ಟಿಗೆ ಘಟಿಸುತ್ತವೆ. ಕಣಗಳ ಹೊರಮೈ ಹೆಚ್ಚಾಗಿ ಸಾರ ಬೇಗ ಕರಗುತ್ತದೆ, ಜೊತೆಗೆ ಕಣಗಳ ನಡುವಿನ ಸಂದು ಕಿರಿದಾಗಿ ನೀರು ನಿಧಾನವಾಗಿ ಸಾಗುವುದರಿಂದ ಕರಗುವುದಕ್ಕೆ ಸಮಯವೂ ಹೆಚ್ಚು ಸಿಗುತ್ತದೆ. ಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವವರು ನುಣುಪು ಪುಡಿ ಹಾಕಿದಾಗ ತೊಟ್ಟಿಕ್ಕುವುದು ತಡವಾಗುವುದನ್ನು ಕಂಡೇ ಇರುತ್ತಾರೆ. ಎಸ್ಪ್ರೆಸೊದಲ್ಲಿ ಅದೇ ಸಂಗತಿ ಅರ್ಧ ನಿಮಿಷದೊಳಗೆ ಮುಗಿಯುವುದರಿಂದ ಗ್ರೈಂಡರಿನ ಸಣ್ಣದೊಂದು ತಿರುವಿಗೆ ಐದಾರು ಸೆಕೆಂಡುಗಳ ವ್ಯತ್ಯಾಸ ಬಂದುಬಿಡುತ್ತದೆ.

ಸಾರ ಕರಗುವುದಕ್ಕೆ ಒಂದು ಕ್ರಮವಿದೆ. ಹುಳಿ ಕೊಡುವ ಆಮ್ಲಗಳು ಮೊದಲಿಗೇ ಇಳಿಯುತ್ತವೆ, ಸಿಹಿಯ ಅನುಭವ ಕೊಡುವ ಅಂಶಗಳು ನಂತರ ಕೂಡಿಕೊಳ್ಳುತ್ತವೆ, ಕಹಿ ಮತ್ತು ಒಗರಿನ ಅಂಶಗಳು ಕೊನೆಯವರೆಗೂ ಇಳಿಯುತ್ತಲೇ ಇರುತ್ತವೆ. ಆದುದರಿಂದ ಸಾರ ಸಾಕಷ್ಟು ಇಳಿಯದ ಕಾಫಿ ಹುಳಿಯಾಗಿಯೂ ತೆಳುವಾಗಿಯೂ ಇರುತ್ತದೆ. ಸಾರ ಮಿತಿಮೀರಿ ಇಳಿದದ್ದು ಕಹಿಯಾಗಿ, ನಾಲಿಗೆಯನ್ನು ಒಣಗಿಸುತ್ತದೆ. ಹೊಸಬರು ಹುಳಿಯನ್ನು ಕಹಿಯೆಂದು ತಪ್ಪು ತಿಳಿಯುವುದು ಸಾಮಾನ್ಯ. ಅಂಥವರಿಗೆ ಒಂದು ಸರಳ ಪರೀಕ್ಷೆಯುಂಟು: ಹುಣಸೆ ಚೀಪಿದಂತೆ ನಾಲಿಗೆಯ ಅಂಚುಗಳಲ್ಲಿ ಜೊಲ್ಲು ಒಸರಿದರೆ ಅದು ಹುಳಿ, ಮಾಗದ ಬಾಳೆಕಾಯಿ ಕಚ್ಚಿದಂತೆ ಬಾಯಿ ಬಿಗಿದುಕೊಂಡರೆ ಅದು ಒಗರು.

ಗಡಿಯಾರದ ಪಂಥ

ಇಟಲಿಯ ಸಂಪ್ರದಾಯ ಹದವನ್ನು ಮುಖ್ಯವಾಗಿ ಸಮಯದಿಂದ ಗುರುತಿಸಿತು. 1998ರಲ್ಲಿ ಸ್ಥಾಪನೆಯಾದ ಇಟಾಲಿಯನ್ ಎಸ್ಪ್ರೆಸೊ ರಾಷ್ಟ್ರೀಯ ಸಂಸ್ಥೆಯು ಈ ಸಂಪ್ರದಾಯವನ್ನು ಅಂಕಿಗಳಲ್ಲಿ ಬರೆದಿಟ್ಟಿತು: ಸುಮಾರು 7 ಗ್ರಾಂ ಪುಡಿ, 9 ಬಾರ್ ಒತ್ತಡ, 88 ಡಿಗ್ರಿಯ ಆಸುಪಾಸಿನ ನೀರು, 25 ಸೆಕೆಂಡು, ಕ್ರೆಮಾ ಸೇರಿ 25 ಮಿಲಿಲೀಟರ್ ಕಾಫಿ. ಇಲ್ಲಿ ಗ್ರೈಂಡರ್ ಒಂದೇ ಬದಲಾಗುವ ಅಂಶ. ಬೇಗ ಇಳಿದರೆ ನುಣ್ಣಗೆ ಮಾಡಬೇಕು, ತಡವಾದರೆ ತರಿಯಾಗಿಸಬೇಕು.

ದಿನಕ್ಕೆ ನೂರಾರು ಕಪ್ ಇಳಿಸುವ, ಒಂದೇ ಮಿಶ್ರಣವನ್ನು ವರ್ಷಗಟ್ಟಲೆ ಬಳಸುವ ಬಾರ್‌ಗಳಿಗೆ ಈ ಸೂತ್ರ ಇಂದಿಗೂ ಸಾಲುತ್ತದೆ. ಅದರ ದೌರ್ಬಲ್ಯ ಕಾಣುವುದು ಬೀಜ ಬದಲಾದಾಗ. ಕ್ರೆಮಾ ಹುಟ್ಟುವುದು ಹುರಿದ ಬೀಜದಲ್ಲಿ ಉಳಿದಿರುವ ಇಂಗಾಲದ ಡೈಆಕ್ಸೈಡಿನಿಂದ. ಹುರಿದು ನಾಲ್ಕು ದಿನವಾದ ಬೀಜದ 25 ಮಿಲಿಲೀಟರಿನಲ್ಲಿ ನೊರೆಯೇ ಬಹುಪಾಲು, ತಿಂಗಳು ಕಳೆದ ಬೀಜದಲ್ಲಿ ದ್ರವವೇ ಬಹುಪಾಲು. ಕಣ್ಣಳತೆಗೆ ಎರಡೂ ಒಂದೇ ಆದರೂ ತೂಗಿ ನೋಡಿದರೆ ಬೇರೆ. ಸಮಯದ ಎಣಿಕೆಯೂ ಎಲ್ಲ ಕಡೆ ಒಂದೇ ರೀತಿ ಇಲ್ಲ. ಪಂಪ್ ಶುರುವಾದ ಕ್ಷಣದಿಂದ ಎಣಿಸುವವರಿಗೂ ಮೊದಲ ಹನಿ ಬಿದ್ದ ಕ್ಷಣದಿಂದ ಎಣಿಸುವವರಿಗೂ ನಡುವೆ ಐದರಿಂದ ಎಂಟು ಸೆಕೆಂಡುಗಳ ಅಂತರವಿರುತ್ತದೆ. ಒಂದು ಕೆಫೆಯಲ್ಲಿ ಕಲಿತವರು ಇನ್ನೊಂದಕ್ಕೆ ಹೋದಾಗ ಮೊದಲು ಕೇಳಿ ತಿಳಿಯಬೇಕಾದದ್ದು ಇದನ್ನೇ.

ತಕ್ಕಡಿಯ ಪಂಥ

ಅಮೆರಿಕ, ಆಸ್ಟ್ರೇಲಿಯಾ ಮತ್ತು ಉತ್ತರ ಯುರೋಪಿನಲ್ಲಿ ಬೆಳೆದ ಹೊಸ ಕೆಫೆಗಳು ಕಪ್ಪಿನ ಕೆಳಗೆ ತಕ್ಕಡಿ ಇಟ್ಟವು. ಅವುಗಳ ಪ್ರಕಾರ ಪಾಕದ ತಿರುಳಿರುವುದು ಪುಡಿಯ ತೂಕಕ್ಕೂ ಇಳಿದ ಕಾಫಿಯ ತೂಕಕ್ಕೂ ಇರುವ ಅನುಪಾತದಲ್ಲಿ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, ಅಂದರೆ ಒಂದಕ್ಕೆ ಎರಡು, ಇಂದು ಬಹುಮಟ್ಟಿಗೆ ಎಲ್ಲೆಡೆಯೂ ಆರಂಭದ ನೆಲೆ. ಅನುಪಾತ ಕಡಿಮೆಯಾದಷ್ಟೂ ಕಾಫಿ ದಟ್ಟವಾಗುತ್ತದೆ, ಹೆಚ್ಚಿದಷ್ಟೂ ತೆಳುವಾದರೂ ಪುಡಿಯಿಂದ ಒಟ್ಟಾರೆ ಹೆಚ್ಚು ಸಾರ ಹೊರಬರುತ್ತದೆ.

ಈ ಪಂಥವು ಸಮಯವನ್ನು ಗುರಿಯ ಸ್ಥಾನದಿಂದ ಇಳಿಸಿ ಸೂಚಕದ ಸ್ಥಾನದಲ್ಲಿ ಇರಿಸಿತು, ಇದು ಚಿಕ್ಕ ಬದಲಾವಣೆಯಲ್ಲ. ಪುಡಿಯ ತೂಕವನ್ನು, ಎಂದರೆ ಡೋಸನ್ನು, ಮೊದಲೇ ನಿಗದಿ ಮಾಡಿ ಕದಲಿಸಬಾರದೆಂಬ ಶಿಸ್ತೂ ಇದರಿಂದಲೇ ಗಟ್ಟಿಯಾಯಿತು. ಡೋಸನ್ನು ರುಚಿ ನಿರ್ಧರಿಸುವುದಕ್ಕಿಂತ ಮೊದಲು ಬಾಸ್ಕೆಟ್ಟಿನ ಅಳತೆ ನಿರ್ಧರಿಸುತ್ತದೆ. 18 ಗ್ರಾಮಿಗೆಂದು ಮಾಡಿದ ಬಾಸ್ಕೆಟ್ಟಿಗೆ 21 ಗ್ರಾಂ ತುರುಕಿದರೆ ಒದ್ದೆಯಾಗಿ ಉಬ್ಬಿದ ಬಿಲ್ಲೆ ಮೇಲಿನ ಜಾಲರಿಗೆ ತಾಗಿ ಒಡೆಯುತ್ತದೆ. 15 ಗ್ರಾಂ ಹಾಕಿದರೆ ಬಿಲ್ಲೆ ತೆಳುವಾಗಿ, ಅದರ ಮೇಲೆ ನೀರು ನಿಂತು ಕೆಸರಾಗುತ್ತದೆ. ಒಂದು ಗ್ರಾಮಿನ ಏರುಪೇರು ಸಮಯವನ್ನೂ ಅನುಪಾತವನ್ನೂ ಒಟ್ಟಿಗೆ ಕೆಡಿಸುವುದರಿಂದ ತಪ್ಪು ಎಲ್ಲಾಯಿತೆಂದು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಹೊಸಬರ ಮಟ್ಟಿಗೆ ತಕ್ಕಡಿಯ ಪಂಥವೇ ಹೆಚ್ಚು ಉಪಯುಕ್ತವೆಂದು ಹೇಳಲು ಈ ಒಂದು ಕಾರಣವೇ ಸಾಕು.

ಶೇಕಡಾವಾರು ಪಂಥ

ಪುಡಿಯಿಂದ ಎಷ್ಟು ಭಾಗ ಕರಗಿ ಬಂತೆಂದು ಲೆಕ್ಕ ಹಾಕುವ ಯೋಚನೆ ಎಸ್ಪ್ರೆಸೊದ್ದಲ್ಲ. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ಸೋಸು ಕಾಫಿಯನ್ನು ಅಧ್ಯಯನ ಮಾಡಿದಾಗ, ಪುಡಿಯ ತೂಕದ ಶೇ. 18ರಿಂದ 22ರಷ್ಟು ಕರಗಿದ ಕಾಫಿ ಹಿತವೆಂಬ ನಿಲುವು ಬೇರೂರಿತು. ಬೆಳಕು ಬಾಗುವ ಪ್ರಮಾಣದಿಂದ ದ್ರಾವಣದ ಸಾಂದ್ರತೆ ತಿಳಿಸುವ ರಿಫ್ರಾಕ್ಟೋಮೀಟರ್ ಈ ಶತಮಾನದಲ್ಲಿ ಕೆಫೆಗಳನ್ನು ಹೊಕ್ಕ ಮೇಲೆ ಎಸ್ಪ್ರೆಸೊಗೂ ಈ ಲೆಕ್ಕ ಅನ್ವಯವಾಯಿತು. ಇಳಿದ 36 ಗ್ರಾಂ ಕಾಫಿಯಲ್ಲಿ ಕರಗಿದ ಅಂಶ ಶೇ. 9.5 ಎಂದು ಉಪಕರಣ ತೋರಿಸಿದರೆ ಕರಗಿದ್ದು 3.42 ಗ್ರಾಂ. ಅದು 18 ಗ್ರಾಂ ಪುಡಿಯ ಶೇ. 19.

ಒಂದೇ ಬೀಜವನ್ನು ಎರಡು ಯಂತ್ರಗಳಲ್ಲಿ ಹೋಲಿಸಲು ಇದಕ್ಕಿಂತ ನಿಖರವಾದ ದಾರಿ ಸುಲಭವಾಗಿ ಸಿಗದು. ಆದರೆ ಈ ಸಂಖ್ಯೆ ಸರಾಸರಿಯನ್ನು ಮಾತ್ರ ಹೇಳುತ್ತದೆ. ಬಿಲ್ಲೆಯ ಒಂದು ಭಾಗ ಶೇ. 14, ಇನ್ನೊಂದು ಭಾಗ ಶೇ. 24 ಸಾರ ಬಿಟ್ಟುಕೊಟ್ಟರೂ ಸರಾಸರಿ ಶೇ. 19 ಆಗಬಹುದು, ಅಂಥ ಕಪ್ಪಿನಲ್ಲಿ ಹುಳಿಯೂ ಒಗರೂ ಒಟ್ಟಿಗೆ ಇರುತ್ತವೆ.

ತರಿಪುಡಿಯ ಪಂಥ

ಈ ಅಸಮತೆಯೇ 2020ರಲ್ಲಿ ‘ಮ್ಯಾಟರ್’ ಎಂಬ ವೈಜ್ಞಾನಿಕ ಪತ್ರಿಕೆಯಲ್ಲಿ ಮೈಕೆಲ್ ಕ್ಯಾಮರನ್, ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಕೇಂದ್ರವಾಯಿತು. ಪುಡಿ ನುಣುಪಾದಷ್ಟೂ ಸಾರ ಹೆಚ್ಚು ಇಳಿಯಬೇಕೆಂಬುದು ಗಣಿತದ ನಿರೀಕ್ಷೆ. ಪ್ರಯೋಗದಲ್ಲಾದರೋ ಒಂದು ಹಂತದವರೆಗೆ ಸಾರ ಏರಿ, ಅದರಾಚೆಗೆ ಪುಡಿ ಇನ್ನೂ ನುಣುಪಾದಾಗ ಇಳಿಯತೊಡಗಿತು, ಕಪ್ಪಿನಿಂದ ಕಪ್ಪಿಗೆ ಏರುಪೇರೂ ಹೆಚ್ಚಾಯಿತು. ಅತಿ ನುಣುಪಾದ ಬಿಲ್ಲೆಯ ಕೆಲವು ಭಾಗಗಳು ಗಟ್ಟಿಕಟ್ಟಿಕೊಂಡು ನೀರಿಗೆ ಎಡೆಗೊಡದೆ ಉಳಿಯುತ್ತವೆ, ನೀರು ಉಳಿದ ಕಡೆಗಳಲ್ಲೇ ನುಗ್ಗುತ್ತದೆ ಎಂಬುದು ಅವರ ವಿವರಣೆ. ಸುಮಾರು 15 ಗ್ರಾಮಿನಷ್ಟು ಕಡಿಮೆ ಡೋಸ್, ತರಿಯಾದ ಪುಡಿ, 9 ಬಾರ್‌ಗಿಂತ ಕಡಿಮೆ ಒತ್ತಡ, 15 ಸೆಕೆಂಡಿಗಿಂತ ಬೇಗ ಮುಗಿಯುವ ಶಾಟ್ ಎಂಬುದು ಅಲ್ಲಿಂದ ಹೊರಟ ಸಲಹೆ. ಗಡಿಯಾರದ ಪಂಥದವರಿಗೆ ಇದು ಪೂರ್ತಿ ತಲೆಕೆಳಗಾದ ಮಾತು. ಬೀಜದ ಉಳಿತಾಯ, ಕಪ್ಪುಗಳ ಏಕರೂಪತೆ ಇದರ ಬಲ. ಹಾಗೆ ಇಳಿಸಿದ ಕಾಫಿಗೆ ಎಸ್ಪ್ರೆಸೊದ ಮಂದವಾದ ಮೈ ಇರುವುದಿಲ್ಲವೆಂಬುದು ಅದರ ವಿರುದ್ಧದ ಆಕ್ಷೇಪ, ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಒಂದು ಬೆಳಗಿನ ಲೆಕ್ಕ

ಚಿಕ್ಕಮಗಳೂರಿನ ಅರೇಬಿಕಾ ಬೀಜ, ಮಧ್ಯಮ ಹುರಿತ, ಹುರಿದು ಹತ್ತು ದಿನ, 18 ಗ್ರಾಮಿನ ಬಾಸ್ಕೆಟ್, 93 ಡಿಗ್ರಿ ನೀರು, 9 ಬಾರ್ ಎಂಬ ಕಲ್ಪಿತ ನಿದರ್ಶನದಲ್ಲಿ ಈ ಪಂಥಗಳು ಹೇಗೆ ಕೂಡಿ ಕೆಲಸ ಮಾಡುತ್ತವೆಂದು ನೋಡಬಹುದು. ಮೊದಲ ಶಾಟ್ 36 ಗ್ರಾಂ ತಲುಪಲು, ಪಂಪ್ ಶುರುವಾದಾಗಿನಿಂದ, 17 ಸೆಕೆಂಡು ಹಿಡಿಯುತ್ತದೆ. ಧಾರೆ ಬೇಗನೆ ಹಳದಿಗೆ ತಿರುಗುತ್ತದೆ, ರುಚಿ ಚುಚ್ಚುವ ಹುಳಿ. ಇಲ್ಲಿ ಡೋಸನ್ನೂ ಅನುಪಾತವನ್ನೂ ಮುಟ್ಟದೆ ಪುಡಿಯನ್ನು ಮಾತ್ರ ನುಣ್ಣಗೆ ಮಾಡಬೇಕು. ಗ್ರೈಂಡರಿನ ಒಳಗೆ ಹಳೆಯ ಅಳತೆಯ ಪುಡಿ ಉಳಿದಿರುವುದರಿಂದ ಒಂದಿಷ್ಟು ಬೀಸಿ ಚೆಲ್ಲಿದ ಮೇಲೆಯೇ ಹೊಸ ಅಳತೆ ನಿಜವಾಗಿ ಕೈಗೆ ಸಿಗುತ್ತದೆ. ಇದನ್ನು ಮರೆತವರು ತಾವು ಮಾಡಿದ ಬದಲಾವಣೆ ಸಾಲದೆಂದು ಭಾವಿಸಿ ಮತ್ತೆ ತಿರುಗಿಸಿ, ಮುಂದಿನ ಶಾಟಿನಲ್ಲಿ ಗುರಿ ದಾಟಿಬಿಡುತ್ತಾರೆ.

ಎರಡನೆಯ ಶಾಟ್ 23 ಸೆಕೆಂಡಿಗೆ ಬರುತ್ತದೆ, ಹುಳಿ ತಗ್ಗಿದರೂ ಕೊನೆ ತೆಳು. ಇನ್ನೊಂದು ಸಣ್ಣ ತಿರುವಿಗೆ 28 ಸೆಕೆಂಡು, ಹುಳಿಯ ಹಿಂದೆ ಬೆಲ್ಲದಂಥ ಸಿಹಿ, ನುಂಗಿದ ಮೇಲೂ ಉಳಿಯುವ ರುಚಿ. ಇಲ್ಲಿಗೆ ನಿಲ್ಲಿಸದೆ ಮತ್ತೊಂದು ಹೆಜ್ಜೆ ನುಣ್ಣಗೆ ಹೋಗಿ ನೋಡುವುದರಲ್ಲಿ ಕಲಿಕೆಯಿದೆ. ನಾಲ್ಕನೆಯದು 36 ಸೆಕೆಂಡು ತೆಗೆದುಕೊಂಡರೂ ಅದರಲ್ಲಿ ಒಗರಿನ ಜೊತೆಗೆ ಹುಳಿಯೂ ಮರಳಿರುತ್ತದೆ. ತಳವಿಲ್ಲದ ಪೋರ್ಟಾಫಿಲ್ಟರ್ ಹಾಕಿ ಕೆಳಗಿನಿಂದ ನೋಡಿದರೆ ಒಂದು ಬದಿಯಲ್ಲಿ ಬಿಳಿಚಿದ ಮಚ್ಚೆ, ಅದರಿಂದ ಸೂಜಿಯಂತೆ ಚಿಮ್ಮುವ ಧಾರೆ ಕಾಣುತ್ತದೆ. ಬಿಲ್ಲೆಯಲ್ಲಿ ನೀರು ಕಾಲುವೆ ಕೊರೆದುಕೊಂಡಿದೆ ಎಂಬುದಕ್ಕೆ ಇದೇ ಗುರುತು. ಹುಳಿ ಮಾತ್ರ ಇದ್ದರೆ ನುಣ್ಣಗೆ, ಒಗರು ಮಾತ್ರ ಇದ್ದರೆ ತರಿಯಾಗಿ ಮಾಡಿದರಾಯಿತು. ಎರಡೂ ಒಟ್ಟಿಗೆ ಇದ್ದರೆ ಮೊದಲು ಪುಡಿಯ ಉಂಡೆಗಳನ್ನು ಸೂಜಿಯಿಂದ ಬಿಡಿಸಿ, ಸಮನಾಗಿ ಹರಡಿ, ಓರೆಯಾಗದಂತೆ ಅದುಮಬೇಕು. ಅದುಮುವ ಬಲಕ್ಕಿಂತ ಸಮತಟ್ಟಾಗಿ ಅದುಮುವುದು ಮುಖ್ಯ. ಆಮೇಲೂ ಲಕ್ಷಣ ಹೋಗದಿದ್ದರೆ ಮೂರನೆಯ ಶಾಟಿನ ಅಳತೆಗೆ ಹಿಂದಿರುಗುವುದೇ ಸರಿ.

ಹಾಲು ಕೂಡಿದಾಗ

ಹಾಲಿನ ಹದಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಹಲವು ಕೈಪಿಡಿಗಳು ಅದನ್ನು ಬೇರೆ ಅಧ್ಯಾಯಕ್ಕೆ ತಳ್ಳುತ್ತವೆ. ಆದರೆ ಕ್ಯಾಪುಚಿನೊ, ಲಾಟೆಗಳೇ ಹೆಚ್ಚಾಗಿ ಹೋಗುವ ಕೆಫೆಯಲ್ಲಿ ಬರಿಸ್ತಾ ಇಳಿಸಿದ ಬಹುಪಾಲು ಶಾಟುಗಳು ಬರಿದಾಗಿ ಯಾರ ನಾಲಿಗೆಗೂ ತಾಗುವುದಿಲ್ಲ.

ಹಬೆಯ ಕೊಳವೆ ಹಾಲಿಗೆ ಎರಡು ಕೆಲಸ ಮಾಡುತ್ತದೆ, ಗಾಳಿಯನ್ನು ಸೇರಿಸುತ್ತದೆ ಮತ್ತು ಬಿಸಿ ಮಾಡುತ್ತದೆ. ಗುಳ್ಳೆಗಳ ಸುತ್ತ ಪೊರೆ ಕಟ್ಟಿ ಅವನ್ನು ಹಿಡಿದಿಡುವುದು ಹಾಲಿನ ಪ್ರೋಟೀನು, ಬಾಯಿಗೆ ಮಂದತೆ ಕೊಡುವುದು ಕೊಬ್ಬು. ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಬಿಟ್ಟು, ಅದರ ತುದಿಯನ್ನು ತಣ್ಣಗಿನ ಹಾಲಿನ ಮೇಲ್ಮೈಗೆ ತುಸು ಕೆಳಗೆ ಇಟ್ಟು ಹಬೆ ಬಿಟ್ಟಾಗ ಕಾಗದ ಹರಿದಂಥ ಚರ್ ಚರ್ ಸದ್ದು ಬರುತ್ತದೆ. ಲಾಟೆಗೆ ಎರಡು ಮೂರು ಸೆಕೆಂಡು, ಕ್ಯಾಪುಚಿನೊಗೆ ಇನ್ನಷ್ಟು ಹೊತ್ತು ಈ ಸದ್ದು ಸಾಕು. ಪಿಚರಿಗೆ ಒತ್ತಿದ ಅಂಗೈಗೆ ತಂಪು ಹೋಗಿ ಉಗುರುಬೆಚ್ಚಗಾಗುವುದರೊಳಗೆ ಗಾಳಿ ಸೇರಿಸುವುದು ಮುಗಿದಿರಬೇಕು. ಅನಂತರ ತುದಿಯನ್ನು ತುಸು ಆಳಕ್ಕಿಳಿಸಿ, ನಡುವಿನಿಂದ ಬದಿಗೆ ಸರಿಸಿ, ಹಾಲು ಸುಳಿಯಾಗಿ ತಿರುಗುವಂತೆ ಮಾಡಿದರೆ ದೊಡ್ಡ ಗುಳ್ಳೆಗಳು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆ. 60 ಡಿಗ್ರಿಯ ಸುಮಾರಿಗೆ ಹಬೆ ನಿಲ್ಲಿಸಿದಾಗ ಹಾಲಿನ ಮೇಲ್ಮೈ ಒದ್ದೆ ಬಣ್ಣದಂತೆ ಮಿನುಗುತ್ತದೆ. ಗಾಳಿ ತಡವಾಗಿ ಸೇರಿದರೆ ಗುಳ್ಳೆಗಳು ಒಡೆಯಲು ಹೊತ್ತು ಸಾಲದೆ ಸೋಪಿನ ನೊರೆಯಂತೆ ಮೇಲೇ ನಿಲ್ಲುತ್ತವೆ.

ಕರ್ನಾಟಕದಲ್ಲಿ ಈ ಕಲಿಕೆಗೆ ಒಂದು ವಿಶೇಷ ತೊಡಕಿದೆ. ಹಾಲನ್ನು ಉಕ್ಕಿಸಿ, ಎತ್ತಿ ಹೊಯ್ದು ನೊರೆ ಬರಿಸಿದ ಕಾಫಿಯನ್ನು ಸುಡುಸುಡುತ್ತಾ ಕುಡಿಯುವ ರೂಢಿ ಇಲ್ಲಿಯದು, ಆದ್ದರಿಂದ 60 ಡಿಗ್ರಿಯ ಕಪ್ ಆರಿದ ಕಾಫಿಯಂತೆ ತೋರುವುದು ಸಹಜ. ಆದರೆ 70 ಡಿಗ್ರಿ ದಾಟುತ್ತಿದ್ದಂತೆ ಹಾಲಿನ ಪ್ರೋಟೀನುಗಳು ರೂಪಗೆಟ್ಟು, ಗಂಧಕದ ಛಾಯೆಯ ಕಾಯಿಸಿದ ಹಾಲಿನ ವಾಸನೆ ಏಳುತ್ತದೆ, ನವಿರಾದ ನೊರೆ ಒರಟಾಗುತ್ತದೆ. ಹೆಚ್ಚು ಬಿಸಿ ಬೇಕೆಂದು ಕೇಳಿದವರಿಗೆ ಕಪ್ಪನ್ನು ಬಿಸಿನೀರಿನಿಂದ ಕಾಯಿಸಿಟ್ಟು, ಹಾಲನ್ನು 65ರ ತನಕ ಒಯ್ಯುವುದು ನಡುದಾರಿ. ಹಬೆ ತಾನೇ ನೀರಾಗಿ ಹಾಲಿಗೆ ಸೇರುತ್ತದೆಂಬುದೂ ನೆನಪಿರಬೇಕು. ಫ್ರಿಜ್ಜಿನಿಂದ ತೆಗೆದ 200 ಗ್ರಾಂ ಹಾಲು 60 ಡಿಗ್ರಿ ತಲುಪುವಷ್ಟರಲ್ಲಿ ಉಷ್ಣದ ಲೆಕ್ಕದಂತೆ 15ರಿಂದ 20 ಗ್ರಾಂ ನೀರು ಬೆರೆತಿರುತ್ತದೆ. ಶೇ. 3 ಕೊಬ್ಬಿನ ಟೋನ್ಡ್ ಹಾಲು ಚೆನ್ನಾಗಿ ನೊರೆ ಕಟ್ಟಿದರೂ ಬಾಯಿಗೆ ತೆಳುವೆನಿಸಲು ಇದೂ ಒಂದು ಕಾರಣ.

ಹಾಲಿನ ಕಪ್ಪಿಗೆ ಶಾಟನ್ನು ಬೇರೆಯಾಗಿಯೇ ಹೊಂದಿಸಬೇಕೆ ಎಂಬುದು ಇಲ್ಲಿಂದ ಹುಟ್ಟುವ ಪ್ರಶ್ನೆ. ಹಾಲಿನ ಪ್ರೋಟೀನು ಒಗರನ್ನು ಮೃದುಗೊಳಿಸುತ್ತದೆ, ಸಿಹಿ ಕಹಿಯನ್ನು ಮರೆಸುತ್ತದೆ. ಹುಳಿಯಾದರೋ ಹಾಲಿನಲ್ಲಿ ಮೊಸರಿನ ಛಾಯೆಯಾಗಿ ಎದ್ದು ನಿಲ್ಲುತ್ತದೆ. ಆದುದರಿಂದ ಹಾಲಿಗೆ ಹೋಗುವ ಶಾಟನ್ನು ಕೆಲವರು 18 ಗ್ರಾಮಿಗೆ 30 ಗ್ರಾಂ ಎಂಬಂತೆ ದಟ್ಟವಾಗಿ, ತುಸು ನುಣುಪಾದ ಪುಡಿಯಿಂದ ಇಳಿಸುತ್ತಾರೆ. ಇಟಲಿಯ ಮಿಶ್ರಣಗಳಲ್ಲಿ ರೊಬಸ್ಟಾ ಸೇರುವುದರ ಹಿಂದೆಯೂ ಇಂಥದ್ದೇ ಲೆಕ್ಕವಿದೆ. ಕೊಡಗಿನಂಥ ಕಡೆಗಳ ತೊಳೆದ ರೊಬಸ್ಟಾ ಅಲ್ಲಿಗೆ ರಫ್ತಾಗುವುದು ದಟ್ಟ ಕ್ರೆಮಾ ಮತ್ತು ಹಾಲಿನಲ್ಲೂ ಮುಳುಗದ ಗಡಸು ರುಚಿಗಾಗಿ.

ಇನ್ನೂ ಇತ್ಯರ್ಥವಾಗದವು

ನುಣುಪು ಮಿತಿಮೀರಿದಾಗ ಸಾರ ಏಕೆ ಕುಗ್ಗುತ್ತದೆಂಬುದಕ್ಕೆ ಒಮ್ಮತವಿಲ್ಲ. ಪುಡಿ ಉಂಡೆಗಟ್ಟುವುದು, ಸೂಕ್ಷ್ಮ ಕಣಗಳು ನೀರಿನೊಂದಿಗೆ ಜಾರಿ ಬಾಸ್ಕೆಟ್ಟಿನ ತೂತುಗಳನ್ನು ಕಟ್ಟುವುದು, ಒತ್ತಡಕ್ಕೆ ಬಿಲ್ಲೆಯೇ ಕುಗ್ಗುವುದು ಎಂಬ ಮೂರು ವಿವರಣೆಗಳು ಜೊತೆಜೊತೆಗೆ ಚಾಲ್ತಿಯಲ್ಲಿವೆ. ಇವುಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಎಂದು ಯಂತ್ರ ನಡೆಯುತ್ತಿರುವಾಗಲೇ ಬಿಲ್ಲೆಯ ಒಳಗನ್ನು ನೋಡಿ ಹೇಳುವುದು ಕಷ್ಟ. ಬೀಸುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತು ಉಂಡೆಗಳಿಗೆ ಕಾರಣವೆಂದೂ ಬೀಜಕ್ಕೆ ಮೊದಲೇ ಒಂದೆರಡು ಹನಿ ನೀರು ಸಿಂಪಡಿಸಿದರೆ ಅದು ತಗ್ಗುತ್ತದೆಂದೂ ಹೆಂಡನ್ ಅವರ ತಂಡ 2023ರಲ್ಲಿ ತೋರಿಸಿದ ಮೇಲೆ ಮೊದಲ ವಿವರಣೆಗೆ ಬಲ ಬಂದಿದೆ, ಆದರೂ ಉಳಿದೆರಡು ಬಿದ್ದುಹೋಗಿಲ್ಲ.

9 ಬಾರ್ ಎಂಬ ಅಂಕಿಯೂ ಪ್ರಶ್ನೆಗೆ ಒಳಗಾಗಿದೆ. ಅದು ರುಚಿಯ ಪರೀಕ್ಷೆಯಿಂದ ಎಷ್ಟು ಬಂತು, ಸ್ಪ್ರಿಂಗಿನ ಬಲದಿಂದಲೂ ಪಂಪಿನ ಅನುಕೂಲದಿಂದಲೂ ಎಷ್ಟು ಬಂತು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಕಡಿಮೆ ಒತ್ತಡದಿಂದ ಶುರುವಾಗಿ ಏರುವ, ಮತ್ತೆ ಇಳಿಯುವ ಯಂತ್ರಗಳು ಬಂದಿರುವುದರಿಂದ ಒತ್ತಡವೂ ಈಗ ಹೊಂದಿಸಬೇಕಾದ ಐದನೆಯ ಅಂಶವಾಗಿದೆ. ಶೇ. 18ರಿಂದ 22ರ ಮಿತಿ ಸೋಸು ಕಾಫಿಯ ಅಧ್ಯಯನದಿಂದ ಬಂದದ್ದರಿಂದ, ಅದು ಎಸ್ಪ್ರೆಸೊಗೂ, ಅದರಲ್ಲೂ ಹಾಲು ಬೆರೆತ ಎಸ್ಪ್ರೆಸೊಗೂ ಸಲ್ಲುತ್ತದೆಯೇ ಎಂಬುದು ತೆರೆದ ಪ್ರಶ್ನೆ. ಬರಿದಾಗಿ ಸವಿದಾಗ ಮೆಚ್ಚುಗೆಯಾದ ಮೂರನೆಯ ಶಾಟೇ 150 ಗ್ರಾಂ ಹಾಲಿನ ಜೊತೆಗೂ ಮೆಚ್ಚುಗೆಯಾಗುತ್ತದೆಯೋ ಅಥವಾ ಒಗರೆಂದು ಬಿಟ್ಟ ನಾಲ್ಕನೆಯದೇ ಅಲ್ಲಿ ಮೇಲಾಗುತ್ತದೆಯೋ ಎಂಬುದನ್ನು ಸದ್ಯಕ್ಕೆ ಯಾವ ಪಂಥದ ಅಂಕಿಯೂ ಮುಂಚಿತವಾಗಿ ಹೇಳಲಾರದು. ಎರಡೂ ಶಾಟುಗಳನ್ನು ಒಂದೇ ಪಿಚರಿನ ಹಾಲಿನೊಂದಿಗೆ ಪಕ್ಕಪಕ್ಕದಲ್ಲಿ ಸವಿದಾಗ ಮಾತ್ರ ಅದು ತಿಳಿಯುತ್ತದೆ.